ಕೌದಿಗೆ ವಯಸ್ಸು ಹೇಳುವ ಮೊದಲು



ಹಳೆಯ ಕೌದಿಗಳ ಕಾಲನಿರ್ಣಯವನ್ನು ಕುರಿತ ಈ ವಿಚಾರ ಸಂಕಿರಣದ ಮುಂದೆ ನಾನು ಒಂದೇ ಮಾತನ್ನು ಇಡಲು ಬಯಸುತ್ತೇನೆ. ಕೌದಿಗೆ ಒಂದೇ ವಯಸ್ಸು ಇರುವುದಿಲ್ಲ. ಬಟ್ಟೆ ನೇಯ್ದ ಕಾಲ, ಅದನ್ನು ಕೌದಿಯಾಗಿ ಹೊಲಿದ ಕಾಲ, ಹರಿದಾಗ ತೇಪೆ ಹಾಕಿದ ಕಾಲ ಎಂದು ಮೂರು ಕಾಲಗಳಿರುತ್ತವೆ. ನಮ್ಮ ದಾಖಲೆಗಳು ಇವನ್ನು ಬೆರೆಸಿ 'ಸುಮಾರು ನೂರು ವರ್ಷ ಹಳೆಯದು' ಎಂದು ಬರೆದುಬಿಡುತ್ತವೆ. ಹಾಗೆ ಬರೆದಾಗ ಮೂರೂ ಕಳೆದುಹೋಗುತ್ತವೆ.

ಬಾಗಲಕೋಟೆ ಭಾಗದ ಒಂದು ಕೌದಿಯನ್ನು ನಾನು ನೋಡಿದ ಬಗೆಯನ್ನು ಹೇಳುತ್ತೇನೆ. ಮೇಲುಪದರ ಇಳಕಲ್ ಸೀರೆಯದು. ಕೆಂಪು ಸೆರಗಿನ ಪಟ್ಟಿಯೂ ಗುಳೇದಗುಡ್ಡದ ಖಣದ ಚೂರುಗಳೂ ಅದರಲ್ಲಿ ಸೇರಿವೆ. ಒಳಗೆ ಸವೆದ ಧೋತರ, ಗಿರಣಿ ಬಟ್ಟೆ. ಒಂದು ಅಂಚಿನಲ್ಲಿ ಹೂವಿನ ಟೆರಿಲಿನ್ ತುಂಡು. ಅಜ್ಜಿಯ ಮದುವೆ ಕಾಲದ್ದು ಎಂದು ಮನೆಯವರ ನೆನಪು.

ಮೊದಲು ಟೆರಿಲಿನ್ ತುಂಡಿನ ಕಡೆ ಹೋಗೋಣ. ಭಾರತದಲ್ಲಿ ಪಾಲಿಯೆಸ್ಟರ್ ತಯಾರಿಕೆ ಶುರುವಾದದ್ದು 1960ರ ದಶಕದಲ್ಲಿ. ಅಂಥ ಬಟ್ಟೆ ಹಳ್ಳಿಯ ಮನೆಗೆ ಬಂದು, ಉಟ್ಟು ಸವೆದು, ಹೊಲಿಗೆಗೆ ಸಿಗುವ ಹೊತ್ತಿಗೆ ಇನ್ನಷ್ಟು ವರ್ಷ ಬೇಕು. ಹಾಗಾದರೆ ಇಡೀ ಕೌದಿಯೇ ಆಮೇಲಿನದೇ? ಉತ್ತರ ಹೊಲಿಗೆಯಲ್ಲಿದೆ. ಕೌದಿಯ ಉದ್ದಕ್ಕೂ ಓಡುವ ಮೂಲ ಸಾಲುಗಳು ಆ ತುಂಡನ್ನೂ ಒಳಪದರವನ್ನೂ ಒಟ್ಟಿಗೆ ಹಿಡಿದಿದ್ದರೆ ಅದು ಮೊದಲಿನಿಂದಲೇ ಇದ್ದದ್ದು. ಇಲ್ಲಿ ತುಂಡಿನ ಅಂಚನ್ನು ಮೆಲ್ಲಗೆ ಎತ್ತಿದರೆ ಹಳೆಯ ಸಾಲು ಅದರ ಅಡಿಯಲ್ಲಿ ತಡೆಯಿಲ್ಲದೆ ಮುಂದುವರಿದಿತ್ತು. ಅಂದರೆ ಅದು ಆಮೇಲೆ ಹಾಕಿದ ತೇಪೆ. ತೇಪೆಯ ದಾರದಿಂದ ಉದುರಿದ ಒಂದೇ ಒಂದು ಎಳೆಯನ್ನು ಚಿಮುಟದಲ್ಲಿ ಹಿಡಿದು ಉರಿಗೆ ತಂದಾಗ ಅದು ಕರಗಿ ಗಟ್ಟಿ ಕಪ್ಪು ಗುಂಡಾಯಿತು. ಅದು ಪಾಲಿಯೆಸ್ಟರ್. ಮೂಲ ಸಾಲಿನ ಬಿಡಿ ಎಳೆ ಕಾಗದದಂತೆ ಉರಿದು ಮೆತ್ತನೆಯ ಬೂದಿಯಾಯಿತು. ಅದು ಹತ್ತಿ. ಎರಡು ದಾರ, ಎರಡು ಕಾಲ.

ಮೂಲ ಹೊಲಿಗೆಯ ಕಾಲಕ್ಕೆ ಸುಳಿವು ಸಿಕ್ಕಿದ್ದು ಒಳಗೆ. ಒಂದು ಹರಕಿನಲ್ಲಿ ಕಂಡ ಗಿರಣಿ ಬಟ್ಟೆಯ ಮೇಲೆ ಮಾಸಿದ ಮೊಹರು ಇತ್ತು, ಅದರಲ್ಲಿ ಬೆಲೆ ನಯೇ ಪೈಸೆಯಲ್ಲಿತ್ತು. ನಯೇ ಪೈಸೆ ಚಲಾವಣೆಗೆ ಬಂದದ್ದು 1957ರ ಏಪ್ರಿಲ್‌ನಲ್ಲಿ, 'ನಯೇ' ಎಂಬುದನ್ನು ಕೈಬಿಟ್ಟದ್ದು 1964ರ ಜೂನ್‌ನಲ್ಲಿ. ಆ ಬಟ್ಟೆ ಮೂಲ ಸಾಲಿನ ಹಿಡಿತದಲ್ಲೇ ಇದ್ದುದರಿಂದ ಈ ಕೌದಿ 1957ಕ್ಕಿಂತ ಹಿಂದಿನದಾಗಲು ಸಾಧ್ಯವಿಲ್ಲ. ಮನೆಯವರ ನೆನಪು ಸುಳ್ಳೆಂದು ಇದರ ಅರ್ಥವಲ್ಲ. ಇಳಕಲ್ ಸೀರೆ ಅಜ್ಜಿಯ ಮದುವೆಯದೇ ಇರಬಹುದು. ಅವರು ನೆನೆದದ್ದು ಸೀರೆಯ ವಯಸ್ಸನ್ನು, ನಾವು ಕೇಳಿದ್ದು ಕೌದಿಯ ವಯಸ್ಸನ್ನು.

ಆದರೆ ಅದು 1964ರೊಳಗೇ ಹೊಲಿದದ್ದು ಎಂದು ಹೇಳಲು ಬರುವುದಿಲ್ಲ. ಬಟ್ಟೆ ಎಷ್ಟೋ ವರ್ಷ ಪೆಟ್ಟಿಗೆಯಲ್ಲಿ ಕೂತಿರಬಹುದು. ಯಾವುದೇ ಕೌದಿಯಲ್ಲಿ ಪಾಲಿಯೆಸ್ಟರ್ ಇಲ್ಲ ಎಂಬುದೂ ಹಳೆತನಕ್ಕೆ ಪುರಾವೆಯಲ್ಲ. 1990ರಲ್ಲೂ ಹಳೆಯ ನೂಲಿನ ಸೀರೆಗಳಿಂದಲೇ ಕೌದಿ ಹೊಲಿಯಬಹುದಿತ್ತು. ಹೊಸ ವಸ್ತುವಿನ ಇರುವಿಕೆ ಸಾಕ್ಷಿ ಹೇಳುತ್ತದೆ, ಇಲ್ಲದಿರುವಿಕೆ ಹೇಳುವುದಿಲ್ಲ. ನೇರಳಾತೀತ ದೀಪದ ವಿಷಯದಲ್ಲೂ ಎಚ್ಚರ ಬೇಕು. ಬಿಳಿ ಬಟ್ಟೆ ಅದರಡಿ ನೀಲಿಯಾಗಿ ಹೊಳೆದರೆ ಹೊಸದೆಂದು ತೀರ್ಮಾನಿಸುವವರಿದ್ದಾರೆ. ಇಂದಿನ ಸಾಬೂನುಪುಡಿಯಲ್ಲಿ ಒಗೆದ ಹಳೆಯ ಧೋತರವೂ ಹಾಗೆಯೇ ಹೊಳೆಯುತ್ತದೆ.

ಹಾಗಾದರೆ ಹೊಲಿಗೆಯ ಶೈಲಿ ಏನು ಹೇಳುತ್ತದೆ? ಅದು ವರ್ಷವನ್ನು ಹೇಳುವುದಕ್ಕಿಂತ ಹೆಚ್ಚಾಗಿ ಊರನ್ನು, ಕೈಯನ್ನು, ಕೆಲಸದ ಕ್ರಮವನ್ನು ಹೇಳುತ್ತದೆ. ಉತ್ತರ ಕನ್ನಡದ ಸಿದ್ದಿ ಹೆಂಗಸರು ಕವಂದಿಯನ್ನು ಹೊರ ಅಂಚಿನಿಂದ ಹೊಲಿಯುತ್ತ ನಡುವಿಗೆ ಬರುತ್ತಾರೆ. ತುಂಡಿನ ಅಂಚು ಮಡಚಿ ಇಟ್ಟಲ್ಲೇ ಎಲ್ಲ ಪದರಗಳನ್ನೂ ಹಿಡಿದು ಹೊಲಿಯುತ್ತಾರೆ. ಹಾಗಾಗಿ ನಡುವಿನ ತುಂಡು ಕೊನೆಯದು. ಸುತ್ತಿ ಬರುವ ಆ ಸಾಲನ್ನು ಅಡ್ಡ ದಾಟಿದ ಹೊಲಿಗೆ ಕಂಡರೆ ಅದು ಆಮೇಲಿನ ದುರಸ್ತಿ ಎಂದು ಮೊದಲು ಶಂಕಿಸಬೇಕು. ಈ ಕ್ರಮ ತಿಳಿಯದೆ ಹೊಲಿಗೆ ಸಣ್ಣದಿದ್ದರೆ ಹಳೆಯದು, ದೊಡ್ಡದಿದ್ದರೆ ಹೊಸದು ಎನ್ನುವುದು ದೊಡ್ಡ ತಪ್ಪು. ಒಂದೇ ಮನೆಯಲ್ಲಿ ಅತ್ತೆಯದೂ ಸೊಸೆಯದೂ ಕೈ ಬೇರೆ.

ಈ ಎರಡು ದಿನಗಳ ಗೋಷ್ಠಿಗಳು ಒಂದು ಸಾಮಾನ್ಯ ದಾಖಲೆ ಪತ್ರಕ್ಕೆ ಒಪ್ಪಿಗೆ ಕೊಡಲಿ ಎಂಬುದು ನನ್ನ ಆಶಯ. ಅದರಲ್ಲಿ ಬಟ್ಟೆ, ಮೂಲ ಹೊಲಿಗೆ, ದುರಸ್ತಿ ಮೂರಕ್ಕೂ ಬೇರೆ ಬೇರೆ ಕಾಲಂ ಇರಲಿ. ಪ್ರತಿಯೊಂದರಲ್ಲೂ 'ಇದಕ್ಕಿಂತ ಹಿಂದಿನದಲ್ಲ' ಎಂಬ ಗಡಿಯನ್ನೂ ಅದಕ್ಕೆ ಆಧಾರವಾದ ಎಳೆ ಅಥವಾ ಮೊಹರನ್ನೂ ಬರೆಯೋಣ. ಮನೆಯವರ ಮಾತನ್ನು ಅವರ ಮಾತಿನಲ್ಲೇ ಪಕ್ಕದಲ್ಲಿ ಬರೆದಿಡೋಣ. 'ಇದರ ನಂತರದ್ದಲ್ಲ' ಎಂಬ ಗಡಿಗೆ ಆಧಾರ ಸಿಗದಿದ್ದರೆ ಆ ಜಾಗವನ್ನು ಖಾಲಿ ಬಿಡೋಣ. ಮುಂದೊಂದು ದಿನ ಆ ಮನೆಯ ಹಳೆಯ ಫೋಟೋದಲ್ಲಿ ಅದೇ ಕೌದಿ ಕಂಡರೆ, ಆ ಜಾಗವನ್ನು ತುಂಬುವವರಿಗೆ ನಮ್ಮ ಊಹೆಯನ್ನು ಅಳಿಸುವ ಕೆಲಸ ಇರಬಾರದು.