ಸೊನ್ನೆಯ ಕೆಳಗಿನ ಮಹಡಿ

ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆ ಎಷ್ಟೇ ಚಳಿ ಬಿದ್ದರೂ ಹೊರಗಿಟ್ಟ ನೀರು ಹೆಪ್ಪುಗಟ್ಟುವುದಿಲ್ಲ. ಹೀಗಾಗಿ ಏಳನೇ ತರಗತಿಯ ಪೂರ್ಣಾಂಕಗಳ ಪಾಠದಲ್ಲಿ ಲಡಾಖಿನ −20 ಡಿಗ್ರಿ ಚಳಿಯ ಲೆಕ್ಕ ಬಂದಾಗ ನಿಮಗೆ ಅದು ದೂರದ ಸುದ್ದಿ ಅನ್ನಿಸಬಹುದು. ಮಿಲಿಟರಿಯಲ್ಲಿರುವ ಕಾಕಾನೋ ಮಾಮಾನೋ ರಜೆಗೆ ಬಂದಾಗ ಹೇಳಿದ್ದಷ್ಟೇ ಗೊತ್ತು. ಆದರೆ ಸೊನ್ನೆಯ ಕೆಳಗಿನ ಚಳಿಯನ್ನು ತರಗತಿಯ ಮೇಜಿನ ಮೇಲೆಯೇ ಮಾಡಿ ನೋಡಬಹುದು.

ಒಂದು ಸ್ಟೀಲ್ ಲೋಟದ ತುಂಬ ಪುಡಿ ಮಾಡಿದ ಬರ್ಫ ಹಾಕಿ. ಶಾಲೆಯ ಪ್ರಯೋಗಾಲಯದ ತಾಪಮಾಪಕವನ್ನು ಅದರ ನಡುವೆ ನಿಲ್ಲಿಸಿ. ತಾಪಮಾಪಕದ ಮೇಲೆ ಸಾಮಾನ್ಯವಾಗಿ −10ರಿಂದ 110ರವರೆಗೆ ಗೆರೆಗಳಿರುತ್ತವೆ. ಹೊರಗೆ 28 ತೋರಿಸುತ್ತಿದ್ದದ್ದು ಇಳಿಯುತ್ತ ಬಂದು 0ಯ ಹತ್ತಿರ ನಿಲ್ಲುತ್ತದೆ. ಬರ್ಫ ಕರಗುತ್ತಿರುವಷ್ಟು ಹೊತ್ತೂ ಅದು ಅಲ್ಲೇ ಇರುತ್ತದೆ. ಈಗ ಒಂದು ಚಮಚ ಉಪ್ಪು ಹಾಕಿ ಕಡ್ಡಿಯಿಂದ ಕಲಕಿ. ತಾಪಮಾಪಕದಿಂದ ಮಾತ್ರ ಕಲಕಬೇಡಿ, ಗಾಜಿನ ಬುರುಡೆ ಒಡೆಯುತ್ತದೆ. ಉಪ್ಪು ಬಿದ್ದ ಬರ್ಫ ಬೇಗ ಬೇಗ ಕರಗುತ್ತದೆ. ಕರಗಲು ಬೇಕಾದ ಶಾಖವನ್ನು ಅದು ತನ್ನಿಂದಲೇ, ಸುತ್ತಲಿನ ನೀರಿನಿಂದಲೇ ಎಳೆದುಕೊಳ್ಳುತ್ತದೆ. ಉಪ್ಪುನೀರು 0 ಡಿಗ್ರಿಗೆ ಹೆಪ್ಪುಗಟ್ಟದ ಕಾರಣ ಚಳಿ ಇನ್ನೂ ಕೆಳಗೆ ಇಳಿಯುತ್ತದೆ. ಉಪ್ಪು ಹೆಚ್ಚಾದರೆ −10ರ ಗೆರೆಯನ್ನೂ ದಾಟಿಬಿಡಬಹುದು, ಆಗ ಓದಲು ಗೆರೆಯೇ ಇರುವುದಿಲ್ಲ. ಅದಕ್ಕೇ ಸ್ವಲ್ಪ ಸ್ವಲ್ಪವೇ ಹಾಕಬೇಕು.

ಪಾರಾ −10ಕ್ಕಿಂತ ಎರಡು ಗೆರೆ ಮೇಲೆ ನಿಂತಿದೆ ಅಂದುಕೊಳ್ಳಿ. ಎಷ್ಟು ಅಂತ ಕೇಳಿದರೆ ತಟ್ಟನೆ ಬರುವ ಉತ್ತರ, "ಮೈನಸ್ ಹನ್ನೆರಡ ಐತ್ರೀ ಸರ!" ಮೇಲೆ ಹೋದಂತೆ ಅಂಕಿ ದೊಡ್ಡದಾಗುತ್ತದೆ ಅನ್ನುವುದು ನಮ್ಮ ಕಣ್ಣಿಗೆ ಬಿದ್ದ ರೂಢಿ. ಆದರೆ −10ರಿಂದ ಎರಡು ಗೆರೆ ಹತ್ತಿದರೆ ಸೊನ್ನೆಗೆ ಹತ್ತಿರವಾದೆವು. ಅದು −8. ಅಂದರೆ −10ಕ್ಕಿಂತ −8 ದೊಡ್ಡದು, ಅಷ್ಟು ಬೆಚ್ಚಗಿದೆ ಕೂಡ. ಈಗ ಅದೇ ತಾಪಮಾಪಕವನ್ನು ತೆಗೆದು, ಬುರುಡೆ ಎಡಕ್ಕೆ ಬರುವಂತೆ ಅಡ್ಡಲಾಗಿ ಹಿಡಿಯಿರಿ. ನಿಮ್ಮ ಪುಸ್ತಕದ ಸಂಖ್ಯಾ ರೇಖೆ ಕೈಯಲ್ಲೇ ಇದೆ.

ತಾಪಮಾಪಕದ ಸೊನ್ನೆಯನ್ನು ಬರ್ಫ ಕರಗುವಲ್ಲೇ ಇಡಬೇಕೆಂಬ ನಿಯಮವೇನೂ ಇರಲಿಲ್ಲ. ಫ್ಯಾರನ್‌ಹೀಟ್ ಎಂಬ ವಿಜ್ಞಾನಿ 1724ರಲ್ಲಿ ತನ್ನ ಅಳತೆಯನ್ನು ವಿವರಿಸಿದಾಗ ಬರ್ಫ, ನೀರು, ನವಸಾಗರ ಬೆರೆಸಿದ ಚಳಿಯನ್ನೇ ಸೊನ್ನೆ ಎಂದ. ಆ ಅಳತೆಯಲ್ಲಿ ನಮ್ಮ ಲೋಟದ ಚಳಿಗೂ ಮೈನಸ್ ಬೇಕಾಗುವುದಿಲ್ಲ. ಸೆಲ್ಸಿಯಸ್ 1742ರಲ್ಲಿ ನೀರು ಕುದಿಯುವ ಬಿಂದುವಿಗೆ 0, ಹೆಪ್ಪುಗಟ್ಟುವ ಬಿಂದುವಿಗೆ 100 ಎಂದು ಇಟ್ಟಿದ್ದ! ಆತನ ನಂತರ ಅದನ್ನು ತಿರುಗಿಸಲಾಯಿತು.

ತಾಪಮಾಪಕ ಒಂದು ಸಂಖ್ಯೆ ಎಲ್ಲಿದೆ ಎಂದು ಚೆನ್ನಾಗಿ ತೋರಿಸುತ್ತದೆ. ಕೂಡಿಸುವುದಕ್ಕೆ ಲಿಫ್ಟ್ ಮೇಲು. ಲಿಫ್ಟನ್ನೇ ಹತ್ತದವರು ಶಾಲೆಯ ಪಡಸಾಲೆಯಲ್ಲಿ ಸೀಮೆಸುಣ್ಣದಿಂದ ಉದ್ದಕ್ಕೆ ಮನೆಗಳನ್ನು ಬರೆದುಕೊಳ್ಳಬಹುದು. ನಡುವೆ ನೆಲಮಹಡಿ, ಅದು 0. ಒಂದು ಕಡೆ 1, 2, 3, 4. ಇನ್ನೊಂದು ಕಡೆ ನೆಲದೊಳಗೆ ಬೈಕು ಕಾರು ನಿಲ್ಲಿಸುವ ಬೇಸ್‌ಮೆಂಟುಗಳು, −1 ಮತ್ತು −2.

ನೀವು −2ರಲ್ಲಿ ನಿಂತಿದ್ದೀರಿ. ಐದು ಮಹಡಿ ಮೇಲೆ ಹೋಗಿ. ಎಲ್ಲಿಗೆ ಬಂದಿರಿ? ಒಂದು ಹೆಜ್ಜೆಗೆ −1, ಮುಂದಿನದಕ್ಕೆ 0, ಆಮೇಲೆ 1, 2, 3. ಹಾಗಾಗಿ −2 + 5 = 3. ಉತ್ತರ 2 ಬಂದಿದ್ದರೆ ನೀವು ನಿಂತ ಮನೆಯನ್ನೇ "ಒಂದು" ಎಂದು ಎಣಿಸಿದ್ದೀರಿ. ಎಣಿಸಬೇಕಾದದ್ದು ಮನೆಗಳನ್ನಲ್ಲ, ದಾಟಿದ ಹೆಜ್ಜೆಗಳನ್ನು. ಉತ್ತರ 4 ಬಂದಿದ್ದರೆ −1ರಿಂದ ಸೀದಾ 1ಕ್ಕೆ ಹಾರಿ ನೆಲಮಹಡಿಯನ್ನು ಮರೆತಿದ್ದೀರಿ. ಇನ್ನೂ ಸೋಜಿಗವೆಂದರೆ, ಎರಡೂ ತಪ್ಪನ್ನು ಒಟ್ಟಿಗೆ ಮಾಡಿದರೆ ಸರಿಯಾದ 3 ಬಂದುಬಿಡುತ್ತದೆ. ಅದಕ್ಕೇ ಜೊತೆಗಾರರ ಉತ್ತರವನ್ನಷ್ಟೇ ಕೇಳಬೇಡಿ, ಅವರ ಕಾಲು ಯಾವ ಮನೆಯಿಂದ ಎಣಿಕೆ ಶುರುಮಾಡಿತು ಎಂದು ನೋಡಿ.

ಇಲ್ಲಿ ಮೈನಸ್ ಗುರುತಿಗೆ ಎರಡು ಕೆಲಸ. −2 ಎಂಬ ಮಹಡಿ ಒಂದು ಜಾಗ. ಎರಡು ಮಹಡಿ ಇಳಿಯುವುದು ಒಂದು ನಡೆ, ಅದನ್ನೂ −2 ಎಂದೇ ಬರೆಯುತ್ತೇವೆ. ಇದು ತಿಳಿದರೆ 3 − (−2) ಹೆದರಿಸುವುದಿಲ್ಲ. −2ರ ಮಹಡಿಯಿಂದ 3ಕ್ಕೆ ಹೋಗಲು ಎಷ್ಟು ನಡೆ ಬೇಕು ಎಂಬುದೇ ಆ ಪ್ರಶ್ನೆ: ಮೇಲಕ್ಕೆ 5. ನಮ್ಮ ಲೋಟಕ್ಕೂ ಹೀಗೇ. −8ರಿಂದ 0ಗೆ 8, ಅಲ್ಲಿಂದ 28ಕ್ಕೆ 28, ಒಟ್ಟು 28 − (−8) = 36 ಡಿಗ್ರಿ.

ಮೂರು ಸಲ ಎರಡೆರಡು ಮಹಡಿ ಇಳಿದರೆ −6, ಆದ್ದರಿಂದ 3 × (−2) = −6. ಇಲ್ಲಿಯವರೆಗೆ ಲಿಫ್ಟ್ ಜೊತೆಗಿರುತ್ತದೆ. ಆದರೆ "ಮೈನಸ್ ಮೂರು ಸಲ" ಇಳಿಯುವುದು ಹೇಗೆ? ಅದಕ್ಕೆ ಸೀಮೆಸುಣ್ಣದ ಮನೆ ಬಿಟ್ಟು ಹಲಗೆಗೆ ಬನ್ನಿ: 2 × (−2) = −4, 1 × (−2) = −2, 0 × (−2) = 0. ಉತ್ತರ ಪ್ರತಿ ಸಾಲಿಗೂ ಎರಡು ಏರುತ್ತಿದೆ. ಮುಂದಿನ ಸಾಲು (−1) × (−2). ಅದರ ಉತ್ತರವನ್ನು ನೀವೇ ಬರೆಯಿರಿ.