ಹೋಗುವವರ ಮಾತು: ಬೀಳ್ಕೊಡುಗೆಯ ದಿನ ಒಬ್ಬ ಮಾರ್ಗದಾಳು
(ಉಪನ್ಯಾಸದ ಪಠ್ಯ)



ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳ ಯಾವುದೇ ಸರ್ಕಾರಿ ಕಚೇರಿಗೆ ತಿಂಗಳ ಕೊನೆಯ ದಿನ ಸಂಜೆ ಹೋದರೆ, ಒಂದು ಕೋಣೆಯಲ್ಲಿ ಕುರ್ಚಿಗಳನ್ನು ಸಾಲಾಗಿ ಹಾಕಿರುವುದು ಕಾಣಸಿಗಬಹುದು. ಮೇಜಿನ ಮೇಲೆ ಶಾಲು, ಹಾರ, ಹಣ್ಣಿನ ಬುಟ್ಟಿ. ಅರವತ್ತು ತುಂಬಿದ ನೌಕರರೊಬ್ಬರು ಅಂದು ಸೇವೆಯಿಂದ ನಿವೃತ್ತರಾಗುತ್ತಿರುತ್ತಾರೆ. ಮೇ 31ರಂದಂತೂ ಇಂಥ ಸಭೆಗಳು ಒಂದೇ ಊರಿನಲ್ಲಿ ನಾಲ್ಕಾರು ನಡೆಯುವುದುಂಟು. ಹಿಂದೆ ಶಾಲೆಗೆ ಸೇರಿಸುವಾಗ ಹುಟ್ಟಿದ ದಿನ ತಿಳಿಯದ ಮಕ್ಕಳಿಗೆ ಮಾಸ್ತರರು ಜೂನ್ 1 ಎಂದು ಬರೆದುಬಿಡುತ್ತಿದ್ದರು. ಒಂದನೆಯ ತಾರೀಖಿಗೆ ಹುಟ್ಟಿದವರು ಹಿಂದಿನ ತಿಂಗಳ ಕೊನೆಗೇ ನಿವೃತ್ತರಾಗಬೇಕೆಂಬುದು ನಿಯಮ. ಹೀಗೆ ಒಂದು ತಲೆಮಾರಿನ ಎಷ್ಟೋ ನೌಕರರು ಮಾಸ್ತರರ ಲೇಖನಿಯಿಂದಲೇ ಒಟ್ಟಿಗೆ ಹುಟ್ಟಿ ಒಟ್ಟಿಗೆ ನಿವೃತ್ತರಾದರು.

ಆ ಸಭೆಯಲ್ಲಿ ಸಹೋದ್ಯೋಗಿಗಳು ಒಬ್ಬೊಬ್ಬರಾಗಿ ಎದ್ದು ಹೊಗಳುತ್ತಾರೆ. ಒಂದು ತಾಸು ಕಳೆದ ಮೇಲೆ, ಎಲ್ಲರಿಗೂ ಹಸಿವಾಗಿರುವ ಹೊತ್ತಿನಲ್ಲಿ, ಹೋಗುವವರು ಎದ್ದು ನಿಲ್ಲಬೇಕು. ಅವರ ಪರಿಸ್ಥಿತಿ ನಿಜಕ್ಕೂ ಇಕ್ಕಟ್ಟಿನದು. ಕೇಳಿದ ಹೊಗಳಿಕೆಯನ್ನು ಒಪ್ಪಿಕೊಂಡರೆ ಅದು ಅಹಂಕಾರವೆನಿಸುತ್ತದೆ. "ಅಯ್ಯೋ, ನಾನೇನೂ ಅಷ್ಟು ದೊಡ್ಡವನಲ್ಲ" ಎಂದು ಅಲ್ಲಗಳೆದರೆ, ಇನ್ನೊಂದು ಸುತ್ತು ಹೊಗಳಿರೆಂದು ಕೇಳಿದ ಹಾಗೆಯೇ ಆಗುತ್ತದೆ. ಎರಡನೆಯದು ವಿನಯದ ವೇಷದಲ್ಲಿ ಬರುವುದರಿಂದ ಮೊದಲನೆಯದಕ್ಕಿಂತಲೂ ಹೆಚ್ಚು ಕಿರಿಕಿರಿ ಮಾಡುತ್ತದೆ. ಹೀಗಿರುವಾಗ ಮಾತನಾಡುವುದು ಹೇಗೆ?

ಇದನ್ನು ಒಂದು ಕೆಲಸವನ್ನು ಹಿಡಿದೇ ನೋಡುವುದು ಒಳಿತು. ರಬಕವಿ-ಬನಹಟ್ಟಿಯಲ್ಲಿ ಹೆಸ್ಕಾಂನ ಒಬ್ಬ ಮಾರ್ಗದಾಳು, ಅಂದರೆ ಲೈನ್‌ಮನ್, ನಿವೃತ್ತರಾಗುತ್ತಿದ್ದಾರೆ ಎಂದು ಭಾವಿಸಬಹುದು. ಶಿರಸಿ, ಸಿದ್ದಾಪುರದ ಬೆಟ್ಟದೂರುಗಳಲ್ಲಿ ಮಳೆಗಾಲದ ರಾತ್ರಿ ಮರ ಬಿದ್ದು ತಂತಿ ಹರಿದಾಗ ಬರುವವರೂ ಇದೇ ಸಂಸ್ಥೆಯವರು. ಆದ್ದರಿಂದ ಇಲ್ಲಿ ಕೂತವರಿಗೂ ಈ ಕೆಲಸ ಅಪರಿಚಿತವಲ್ಲ. ರಬಕವಿ-ಬನಹಟ್ಟಿ ನೇಕಾರರ ಊರು. ವಿದ್ಯುತ್ ಮಗ್ಗಗಳ ಸದ್ದು ನಿಂತಿತೆಂದರೆ ಅಂದಿನ ಕೂಲಿಯೂ ನಿಂತಂತೆ. ಹಾಗಾಗಿ ಅಲ್ಲಿ ಕರೆಂಟು ಹೋದ ಹತ್ತೇ ನಿಮಿಷದಲ್ಲಿ ಉಪಕೇಂದ್ರದ ಫೋನು ಬಡಿದುಕೊಳ್ಳತೊಡಗುತ್ತದೆ.

ಕಂಬ ಹತ್ತುವ ಮೊದಲು ಮಾರ್ಗದಾಳು ಮಾಡಬೇಕಾದದ್ದು ಬಹಳವಿದೆ. ಯಾವ ಮಾರ್ಗದಲ್ಲಿ ಕೆಲಸವೆಂಬುದನ್ನು ಉಪಕೇಂದ್ರದ ಆಪರೇಟರಿಗೆ ತಿಳಿಸಿ 'ಲೈನ್ ಕ್ಲಿಯರ್' ಕೇಳಬೇಕು. ಆಡುಮಾತಿನಲ್ಲಿ ಇದಕ್ಕೆ 'ಎಲ್‌ಸಿ' ಎನ್ನುತ್ತಾರೆ. ಆಪರೇಟರು ಆ ಮಾರ್ಗದ ವಿದ್ಯುತ್ತನ್ನು ಕಡಿದು, ಪುಸ್ತಕದಲ್ಲಿ ಹೆಸರು ಮತ್ತು ವೇಳೆ ಬರೆದು, 'ಸ್ವಿಚ್ ಹಾಕಬೇಡಿ' ಎಂಬ ಫಲಕವನ್ನು ತೂಗುಹಾಕುತ್ತಾರೆ. ಇಲ್ಲಿ ಮಾರ್ಗದಾಳು ತಂತಿಯಲ್ಲಿ ವಿದ್ಯುತ್ತಿಲ್ಲವೆಂದು ಪರೀಕ್ಷಿಸಿ, ಕೆಲಸದ ಜಾಗದ ಎರಡೂ ಬದಿಗೆ ತಂತಿಯನ್ನು ಭೂಮಿಗೆ ಜೋಡಿಸುತ್ತಾರೆ. ಈ ಭೂಸಂಪರ್ಕ ಏಕೆಂದರೆ, ಉಪಕೇಂದ್ರದಲ್ಲಿ ಕಡಿದ ಮಾತ್ರಕ್ಕೆ ತಂತಿ ಸತ್ತಿತೆಂದು ಹೇಳಲಾಗದು. ಊರಿನಲ್ಲಿ ಯಾರೋ ಸ್ವಿಚ್ ಬದಲಿಸದೆ ಜನರೇಟರ್ ಹಚ್ಚಿದರೆ, ಆ ವಿದ್ಯುತ್ತು ಪರಿವರ್ತಕದ ಮೂಲಕ ಹಿಂದಕ್ಕೆ ಹರಿದು 11,000 ವೋಲ್ಟ್ ಆಗಿ ಮೇಲಿನ ತಂತಿಗೆ ಬರಬಲ್ಲದು. ಕೆಲಸ ಮುಗಿದ ಮೇಲೆ ಎಲ್ಲರೂ ಕೆಳಗಿಳಿದರೆಂದು ಎಣಿಸಿ, ಭೂಸಂಪರ್ಕ ಬಿಚ್ಚಿ, ಎಲ್‌ಸಿ ಮರಳಿಸಿದ ನಂತರವೇ ಆಪರೇಟರು ಸ್ವಿಚ್ ಹಾಕಬೇಕು.

ಈ ಕ್ರಮವನ್ನು ಇಷ್ಟು ಹೇಳಿದ್ದಕ್ಕೆ ಕಾರಣವಿದೆ. ಕೃತಜ್ಞತೆ ಸಲ್ಲಬೇಕಾದವರೆಲ್ಲ ಈ ಕ್ರಮದೊಳಗೇ ನಿಂತಿದ್ದಾರೆ. ಹತ್ತು ಕಡೆಯಿಂದ ಒತ್ತಾಯ ಬಂದರೂ ಸ್ವಿಚ್ ಮುಟ್ಟದ ಆಪರೇಟರು ಒಬ್ಬರು. ಏಣಿ ಹಿಡಿದು, ಮೇಲಿದ್ದವರ ಕೈಯ ಮೇಲಿಂದ ಕಣ್ಣು ತೆಗೆಯದೆ ಕೆಳಗೆ ನಿಂತವರು ಮತ್ತೊಬ್ಬರು. ಅನೇಕ ವೇಳೆ ಇವರು ಗುತ್ತಿಗೆ ಕಾರ್ಮಿಕರು, ಇವರಿಗೆ ಮುಂದೆ ಇಂಥದೊಂದು ಶಾಲಿನ ಸಭೆ ನಡೆಯುವ ಭರವಸೆಯಿಲ್ಲ. ಜನರೇಟರ್ ಹಚ್ಚುವ ಮುನ್ನ ಸ್ವಿಚ್ ಬದಲಿಸಿದ ನೇಕಾರರೂ ಈ ಲೆಕ್ಕದಲ್ಲಿ ಬರುತ್ತಾರೆ, ಅವರಿಗೆ ಅದರ ಅರಿವೇ ಇರದಿದ್ದರೂ. ಮಾರ್ಗದಾಳು ಮುಪ್ಪಿನವರೆಗೆ ಬದುಕಿದ್ದಾರೆಂದರೆ ಇವರೆಲ್ಲರೂ ತಮ್ಮ ತಮ್ಮ ಪಾಲಿನ ಸಣ್ಣ ಕೆಲಸವನ್ನು ಪ್ರತಿಸಲವೂ ತಪ್ಪದೆ ಮಾಡಿದ್ದಾರೆ ಎಂದರ್ಥ.

"ಮೇಲಧಿಕಾರಿಗಳಿಗೂ ಸಿಬ್ಬಂದಿ ವರ್ಗದವರೆಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು" ಎಂಬ ವಾಕ್ಯ ಯಾವ ಕಚೇರಿಗೂ ಒಪ್ಪುತ್ತದೆ. ಆದ್ದರಿಂದಲೇ ಯಾರ ಕಿವಿಗೂ ತಟ್ಟುವುದಿಲ್ಲ. ಅದೇ ಮಾರ್ಗದಾಳು ತಮ್ಮ ಆಡುಮಾತಿನಲ್ಲಿ ಹೀಗೆ ಹೇಳಿದರೆ ಬೇರೆಯೇ ಆಗುತ್ತದೆ:

"ಅವತ್ತ ರಾತ್ರಿ ತಂತಿ ನನ್ನ ಕೈಯಾಗಿತ್ತು. ಸ್ಟೇಷನ್ನಿನ್ಯಾಗ ಫೋನ್ ಒಂದ ಸವನ ಬಡಕೊಳ್ಳಾಕತ್ತಿತ್ತು. ಆಪರೇಟರ್ ಅಣ್ಣಾರು ಎಲ್ಲಾರಿಗೂ 'ಇನ್ನೂ ಇಲ್ರೀ' ಅಂದ್ರು, ಬೈಸಿಕೊಂಡ್ರು, ಸ್ವಿಚ್ ಮುಟ್ಟಲಿಲ್ಲ. ನಾ ಮನಿಗೆ ಹೋಗಿ ಉಂಡೆ. ಅವರು ಬೈಸಿಕೊಂಡಿದ್ದು ಯಾರಿಗೂ ಗೊತ್ತಾಗಲಿಲ್ಲ. ಇವತ್ತ ಎಲ್ಲಾರ ಮುಂದ ಹೇಳಬೇಕನಿಸ್ತು."

ಇದರಲ್ಲಿ 'ಧನ್ಯವಾದ' ಎಂಬ ಪದವೇ ಇಲ್ಲ. ಒಬ್ಬರು ಏನು ಮಾಡಿದರು, ಅದರಿಂದ ಏನು ಉಳಿಯಿತು ಎಂಬುದಷ್ಟೇ ಇದೆ. ಆಪರೇಟರು ತಲೆ ತಗ್ಗಿಸಿ ಕೂತಿರುತ್ತಾರೆ. ಸಭೆಯೆಲ್ಲ ಅವರತ್ತ ತಿರುಗಿರುತ್ತದೆ. ಹೊಗಳಿಕೆಯ ಭಾರ ಹೋಗುವವರ ಹೆಗಲಿಂದ ಇಳಿದು ಉಳಿಯುವವರ ಹೆಗಲಿಗೆ ದಾಟಿರುತ್ತದೆ. ಆರಂಭದಲ್ಲಿ ಹೇಳಿದ ಇಕ್ಕಟ್ಟಿಗೆ ಪರಿಹಾರವೂ ಇದೇ: ಹೊಗಳಿಕೆಯನ್ನು ಒಪ್ಪಲೂ ಬೇಡ, ಅಲ್ಲಗಳೆಯಲೂ ಬೇಡ, ಸಲ್ಲಬೇಕಾದ ಕಡೆಗೆ ಕಳಿಸಿದರಾಯಿತು.

ಆದರೆ ಆತ್ಮಪ್ರಶಂಸೆ ಅಷ್ಟು ಸುಲಭವಾಗಿ ಬಿಟ್ಟುಹೋಗುವಂಥದಲ್ಲ. ಭಾಷಣ ಬರೆದುಕೊಂಡ ಬಳಿಕ 'ನಾನು' ಎಂಬ ಪದವನ್ನೆಲ್ಲ ಹೊಡೆದುಹಾಕಿ ಗೆದ್ದೆವೆಂದುಕೊಳ್ಳುವವರಿದ್ದಾರೆ. ಕನ್ನಡದಲ್ಲಿ ಈ ಉಪಾಯ ನಡೆಯದು. 'ಹತ್ತಿದೆ', 'ಕಟ್ಟಿದೆ', 'ಜೋಡಿಸಿದೆ' ಎಂಬ ಕ್ರಿಯಾಪದಗಳ ಬಾಲದಲ್ಲಿಯೇ 'ನಾನು' ಕುಳಿತಿರುತ್ತದೆ. ಆದುದರಿಂದ ಬರೆದದ್ದನ್ನು ಪರೀಕ್ಷಿಸುವಾಗ ಪ್ರತಿ ವಾಕ್ಯದ ಕೊನೆಯ ಪದವನ್ನು ನೋಡಬೇಕು. ಒಂದರ ಹಿಂದೆ ಒಂದು ನಾಲ್ಕೈದು ವಾಕ್ಯಗಳು ಹೀಗೆಯೇ ಮುಗಿದರೆ ಅದು ಸೇವಾಪುಸ್ತಕವಾಯಿತೇ ಹೊರತು ಬೀಳ್ಕೊಡುಗೆಯ ಮಾತಾಗಲಿಲ್ಲ. 'ಮಾಡಿದೆ' ಎಂಬುದನ್ನು 'ಮಾಡಿದೆವು' ಎಂದು ತಿದ್ದಿದರೂ ಸಾಲದು; ಆ 'ನಾವು' ಯಾರು ಯಾರೆಂದು ಹೇಳಿದರೆ ಮಾತ್ರ ಅದಕ್ಕೆ ಬೆಲೆ.

2019ರ ಆಗಸ್ಟ್ ಪ್ರವಾಹದ ನೆನಪು ಈ ಪರೀಕ್ಷೆಗೆ ತಕ್ಕ ಸ್ಥಳ. ಸಹ್ಯಾದ್ರಿಯ ಮಳೆ ಕೃಷ್ಣೆ, ಘಟಪ್ರಭೆಗಳಲ್ಲಿ ಇಳಿದು ಬಂದು ಜಮಖಂಡಿ, ಮುಧೋಳ, ರಬಕವಿ-ಬನಹಟ್ಟಿ ಭಾಗದ ನದಿದಂಡೆಯ ಊರುಗಳಿಗೆ ನುಗ್ಗಿತು. ಇಂಥ ಹೊತ್ತಿನಲ್ಲಿ ನೀರು ಏರುತ್ತಿರುವಾಗ ವಿದ್ಯುತ್ತನ್ನು ಕಡಿಯುವುದೇ ಮೊದಲ ಕೆಲಸ; ನೀರು ಇಳಿದ ಮೇಲೆ ವಾಲಿದ ಕಂಬಗಳನ್ನು ನಿಲ್ಲಿಸಿ, ಮುಳುಗಿದ ಪರಿವರ್ತಕಗಳನ್ನು ಬದಲಿಸಿ, ಮತ್ತೆ ವಿದ್ಯುತ್ ಕೊಡುವುದು ಅದಕ್ಕಿಂತ ದೊಡ್ಡ ಕೆಲಸ. ಆ ದಿನಗಳನ್ನು ನೆನೆಯುವ ಯಾವ ಮಾರ್ಗದಾಳುವಿಗೂ "ಮೂರು ದಿನ ಕಣ್ಣು ಮುಚ್ಚಲಿಲ್ಲ" ಎಂದು ಹೇಳುವ ಆಸೆಯಾಗುವುದು ಸಹಜ, ಮಾತು ನಿಜವೂ ಇರಬಹುದು. ಆದರೆ ಅದನ್ನು ಹೇಳಬೇಕಾದವರು ಬೇರೆಯವರು. ಅವರ ಪಾಲಿಗೆ ಉಳಿಯುವುದು, ಕೆಸರಿನಲ್ಲಿ ಕಂಬಕ್ಕೆ ಹಗ್ಗ ಹಿಡಿದ ಊರಿನ ಹುಡುಗರು ಮತ್ತು ತಮ್ಮ ಮನೆಯೇ ಒದ್ದೆಯಾಗಿದ್ದರೂ ರೊಟ್ಟಿ ಕಟ್ಟಿ ಕಳಿಸಿದ ತಾಯಂದಿರು. ಅವರನ್ನು ಹೇಳಿದರೆ ನಿದ್ದೆಗೆಟ್ಟ ಸಂಗತಿ ತಾನಾಗಿ ತಿಳಿಯುತ್ತದೆ.

ಮನೆಯವರ ವಿಷಯಕ್ಕೆ ಒಂದೇ ವಾಕ್ಯ ಸಾಕು. ಎರಡನೆಯದಕ್ಕೆ ಗಂಟಲು ಕಟ್ಟುತ್ತದೆ, ಸಭೆ ಮುಜುಗರಕ್ಕೆ ಬೀಳುತ್ತದೆ. ವರ್ಗಾವಣೆ, ಬಾಕಿ, ಬಡ್ತಿಗಳ ಹಳೆಯ ಲೆಕ್ಕ ಅಂದು ಬೇಡ. ಉಪದೇಶವೂ ಬೇಡ. ಯಾವ ಕಂಬದ ಬುಡ ತುಕ್ಕು ಹಿಡಿದಿದೆ, ಗಾಳಿ ಬಂದರೆ ಯಾವ ಬೇವಿನ ಕೊಂಬೆ ತಂತಿಗೆ ತಾಗುತ್ತದೆ ಎಂಬಂಥ ಅನುಭವವನ್ನು ಒಂದು ಹಾಳೆಯಲ್ಲಿ ಬರೆದು, ಜಾಗಕ್ಕೆ ಬರುವ ಹುಡುಗನ ಕೈಗೆ ಸಭೆಗೂ ಮುನ್ನ ಕೊಟ್ಟರೆ ಅದು ಯಾವ ಉಪದೇಶಕ್ಕಿಂತಲೂ ಹೆಚ್ಚು ಬಳಕೆಗೆ ಬರುತ್ತದೆ. ಇಷ್ಟೆಲ್ಲ ಸೇರಿ ಐದು ನಿಮಿಷ ದಾಟಬಾರದು. ಹೆಸರು ಹೇಳುವುದಾದರೆ ಕಿರಿಯ ಹುದ್ದೆಯವರಿಂದ ಆರಂಭಿಸುವುದು ಮೇಲು. ಮೇಲಿನಿಂದ ಆರಂಭಿಸಿದರೆ, ಸಮಯ ಮುಗಿಯುವ ಹೊತ್ತಿಗೆ ಹೆಸರು ತಪ್ಪುವುದು ಯಾವಾಗಲೂ ಕೆಳಗಿನವರದೇ.

ಇನ್ನು ಕೊನೆಯ ನಗೆಮಾತು. ಒಂದು ತಾಸು ಗಂಭೀರವಾಗಿ ಕೂತವರನ್ನು ಹಗುರಾಗಿಸಿ ಊಟಕ್ಕೆ ಎಬ್ಬಿಸಲು ಅದು ಬೇಕು. ಹೆಂಡತಿಯನ್ನು ಹಾಸ್ಯಕ್ಕೆ ಎಳೆಯುವುದು ಹಳಸಿದ ಪದ್ಧತಿ. ಆಕೆ ಮುಂದಿನ ಸಾಲಿನಲ್ಲೇ ಕೂತಿರುತ್ತಾರೆ, ನಗುವುದೊಂದೇ ಅವರಿಗಿರುವ ದಾರಿ. ಸಾಹೇಬರ ಮೇಲಿನ ಹಾಸ್ಯಕ್ಕೆ ಉತ್ತರ ಕೊಡಬೇಕಾದವರು ಮರುದಿನವೂ ಕಚೇರಿಗೆ ಬರುವವರು. ಜೂನ್ 1ರ ಹಾಸ್ಯ ಚೆನ್ನಾಗಿಯೇ ಇದೆ: "ನಮ್ಮವ್ವನ್ನ ಕೇಳಿದ್ರ ನಾ ಹುಟ್ಟಿದ್ದು ಸೀಗಿ ಹುಣ್ಣಿಮಿಗೆ ಅಂತಾಳ. ಮಾಸ್ತರು ಜೂನಿಗೇ ಹುಟ್ಟಿಸಿದ್ರು. ಇಲ್ಲಂದ್ರ ಇನ್ನೂ ಐದು ತಿಂಗಳು ನಿಮ್ಮ ತಲಿ ತಿಂತಿದ್ದೆ. ಆ ಮಾಸ್ತರಿಗೆ ನಿಮ್ಮೆಲ್ಲಾರ ಪರವಾಗಿ ಶರಣು." ತೊಂದರೆ ಏನೆಂದರೆ, ಮೇ 31ರಂದು ಪಕ್ಕದ ಕಚೇರಿಯಲ್ಲೂ ಇದೇ ನಡೆಯುತ್ತಿರುತ್ತದೆ.

ತನ್ನ ಕೆಲಸದೊಳಗಿಂದಲೇ ಹುಟ್ಟಿ, ತನ್ನ ಮೇಲೆಯೇ ಬೀಳುವ ಮಾತು ಎಲ್ಲಕ್ಕಿಂತ ಲೇಸು. ಮಾರ್ಗದಾಳು ಆಪರೇಟರರ ಕಡೆ ತಿರುಗಿ ಇಷ್ಟು ಹೇಳಿ, ಕೈಮುಗಿದು ಕೂತುಬಿಡಬಹುದು:

"ನಾಳಿಂದ ನಮ್ಮ ಮನ್ಯಾಗ ಕರೆಂಟ್ ಹೋತಂದ್ರ ನಾನೂ ಮಂದಿ ಹಂಗ ಸ್ಟೇಷನ್ನಿಗೆ ಫೋನ್ ಹಚ್ಚಿ 'ಯಾವಾಗ ಬರ್ತೈತ್ರೀ' ಅಂತ ಚೀರಾವ. ಎತ್ತಬ್ಯಾಡ್ರಿ ಅಣ್ಣಾರ. ಮ್ಯಾಲ ಯಾರರ ಹುಡುಗ ಇರ್ತಾನ."