ಒಂದೇ ಹಾಳೆಯ ದೂರು

(ದಢೇಸುಗೂರಿನಲ್ಲಿ ಮಹಿಳಾ ಸ್ವಸಹಾಯ ಸಂಘಗಳ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ)



ನಮ್ಮ ಸಂಘದ ಒಬ್ಬ ತಂಗಿಯ ವಿಷಯ ನಿಮಗೆಲ್ಲ ಗೊತ್ತೈತಿ. 2024ರ ಆಗಸ್ಟ್‌ನಲ್ಲಿ ಅವಳ ಗಂಡ ಭತ್ತದ ಗದ್ದೆಗೆ ನೀರು ಕಟ್ಟಲು ಹೋದಾಗ ಹಾವು ಕಡಿಯಿತು. ಮರುದಿನ ಸರ್ಕಾರಿ ಆಸ್ಪತ್ರೆಯಲ್ಲಿ ತೀರಿಕೊಂಡರು. ಅವರ ಬ್ಯಾಂಕ್ ಖಾತೆಯಿಂದ ವರ್ಷಕ್ಕೆ 20 ರೂಪಾಯಿ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಗೆ ಹೋಗುತ್ತಿತ್ತು. ಅಪಘಾತದಲ್ಲಿ ಸತ್ತರೆ ನಾಮಿನಿಗೆ 2 ಲಕ್ಷ ಬರಬೇಕು. ಆದರೆ ಪೊಲೀಸ್ ಎಫ್‌ಐಆರ್ ಇಲ್ಲ, ಪೋಸ್ಟ್‌ಮಾರ್ಟಂ ಇಲ್ಲ ಎಂದು ವಿಮಾ ಕಂಪನಿಯವರು ಕ್ಲೇಮು ತಿರಸ್ಕರಿಸಿದರು.

ಆ ತಂಗಿ ದೂರು ಬರೆಸಿಕೊಂಡು ನನ್ನ ಹತ್ತಿರ ಬಂದಳು. ನಾಲ್ಕು ಪುಟ! ಕೌಂಟರಿನಲ್ಲಿ ಬೈದದ್ದು, ಮಕ್ಕಳ ಶಾಲೆ, ಸಾಲ, ಎಲ್ಲಾ ಅದರಾಗಿತ್ತು. ಓದಿದರೆ ಕಣ್ಣೀರು ಬರುತ್ತಿತ್ತು, ಆದರೆ ಹಾವು ಕಡಿದ ತಾರೀಖೇ ಇರಲಿಲ್ಲ. ಮೊದಲು ನಾವು ಕಾಗದ ಕೂಡಿಸಿದೆವು. ಆ ಯೋಜನೆಯ ನಿಯಮದಲ್ಲೇ ಒಂದು ಮಾತು ಸಿಕ್ಕಿತು. ರಸ್ತೆ ಅಪಘಾತ, ನೀರಿನಲ್ಲಿ ಮುಳುಗುವುದು, ಇಂಥವುಗಳಿಗೆ ಪೊಲೀಸರಿಗೆ ತಿಳಿಸಬೇಕು. ಹಾವು ಕಡಿತ, ಮರದಿಂದ ಬೀಳುವುದು, ಇಂಥವುಗಳಿಗೆ ಕೂಡಲೇ ತೋರಿಸಿದ ಆಸ್ಪತ್ರೆಯ ದಾಖಲೆ ಆಧಾರವಾಗಬೇಕು. ಅವಳ ದೂರಿನ ಬೆನ್ನೆಲುಬೇ ಇದು.

ಒಂದು ಮಾತು ನೆನಪಿರಲಿ. ನಮ್ಮ ಕಡೆ ಹಾವು ಅನ್ನದೆ "ಹುಳ ಮುಟ್ಟಿತು" ಅಂತೀವಿ. ಆಸ್ಪತ್ರೆಯಲ್ಲಿ ಹಾಗೇ ಹೇಳಿದರೆ ಚೀಟಿಯಲ್ಲೂ ಹುಳ ಎಂದೇ ಬರೆದಾರು. ಹಾವು ಎಂದೇ ಹೇಳಿ, ಬರೆದದ್ದನ್ನು ಓದಿಸಿಕೊಳ್ಳಿ. ಮಂತ್ರ ಹಾಕುವವರ ಮನೆಗೆ ಹೋಗಿ ಅಲ್ಲೇ ಜೀವ ಹೋದರೆ ದಾಖಲೆಯೂ ಇಲ್ಲ, ದೂರಿಗೆ ಬಲವೂ ಇಲ್ಲ.

ಒಂಬುಡ್ಸ್‌ಮನ್ ಹತ್ತಿರ ನೇರವಾಗಿ ಹೋಗುವಂತಿಲ್ಲ. ಮೊದಲು ಕಂಪನಿಯ ಕುಂದುಕೊರತೆ ಅಧಿಕಾರಿಗೆ ಬರಹದಲ್ಲಿ ಕೊಡಬೇಕು. ಅವರು ತಿರಸ್ಕರಿಸಿದರೆ, ಸಮಾಧಾನವಾಗದ ಉತ್ತರ ಕೊಟ್ಟರೆ, ಇಲ್ಲವೆ ಒಂದು ತಿಂಗಳು ಉತ್ತರವೇ ಕೊಡದಿದ್ದರೆ, ಅಲ್ಲಿಂದ ಒಂದು ವರ್ಷದೊಳಗೆ ದೂರು ಸಲ್ಲಿಸಬೇಕು. ಅದೇ ವಿಷಯ ಕೋರ್ಟಿನಲ್ಲಾಗಲಿ ಗ್ರಾಹಕರ ಆಯೋಗದಲ್ಲಾಗಲಿ ಇರಬಾರದು. ಶುಲ್ಕವಿಲ್ಲ, ವಕೀಲರೂ ಬೇಡ. ಹಾಂ, ಖಾತೆಯಲ್ಲಿ ಹಣವಿದ್ದೂ ಬ್ಯಾಂಕಿನವರು ಕಂತು ಕಡಿಯದೆ ವಿಮೆ ತಪ್ಪಿದ್ದರೆ, ಅದು ಬ್ಯಾಂಕಿನ ಮೇಲಿನ ದೂರು, ರಿಸರ್ವ್ ಬ್ಯಾಂಕ್ ಒಂಬುಡ್ಸ್‌ಮನ್‌ಗೆ ಹೋಗಬೇಕು. ಅದಕ್ಕೇ ಮೊದಲು ಪಾಸ್‌ಬುಕ್ ನೋಡಿದೆವು. ಮೇ 27ಕ್ಕೆ 20 ರೂಪಾಯಿ ಕಡಿತವಾಗಿತ್ತು.

ಕೊನೆಗೆ ನಾಲ್ಕು ಪುಟ ಹೀಗೆ ಒಂದು ಪುಟವಾಯಿತು:

"ಮಾನ್ಯ ವಿಮಾ ಒಂಬುಡ್ಸ್‌ಮನ್ ಅವರಿಗೆ, ಜೀವನ ಸೌಧ, ಜೆ.ಪಿ. ನಗರ 1ನೇ ಹಂತ, ಬೆಂಗಳೂರು.

ನಾನು ಮೃತರ ಹೆಂಡತಿ ಮತ್ತು ನಾಮಿನಿ. ನನ್ನ ಗಂಡನ ಖಾತೆಯಿಂದ 27-5-2024ರಂದು ಸುರಕ್ಷಾ ಬಿಮಾ ಕಂತು 20 ರೂ. ಕಡಿತವಾಗಿದೆ. ವಿಮೆಯ ಅವಧಿ 1-6-2024ರಿಂದ 31-5-2025. ದಿನಾಂಕ 9-8-2024ರಂದು ಗದ್ದೆಯಲ್ಲಿ ಹಾವು ಕಡಿದು, ಅದೇ ದಿನ ಆಸ್ಪತ್ರೆಗೆ ಸೇರಿಸಿ, 10-8-2024ರಂದು ತೀರಿಕೊಂಡರು. ದಾಖಲೆಯಲ್ಲಿ ಹಾವು ಕಡಿತವೆಂದಿದೆ.

2-9-2024ರಂದು ಬ್ಯಾಂಕಿನ ಮೂಲಕ ಕ್ಲೇಮು ಸಲ್ಲಿಸಿದೆ. 18-11-2024ರ ಪತ್ರದಲ್ಲಿ ಎಫ್‌ಐಆರ್ ಮತ್ತು ಪೋಸ್ಟ್‌ಮಾರ್ಟಂ ಇಲ್ಲವೆಂದು ತಿರಸ್ಕರಿಸಿದರು. 5-12-2024ರಂದು ಕುಂದುಕೊರತೆ ಅಧಿಕಾರಿಗೆ ರಿಜಿಸ್ಟರ್ಡ್ ಅಂಚೆಯಲ್ಲಿ ಬರೆದೆ. ತಿಂಗಳಾದರೂ ಉತ್ತರವಿಲ್ಲ. ಯೋಜನೆಯ ನಿಯಮದಂತೆ ಹಾವು ಕಡಿತಕ್ಕೆ ಆಸ್ಪತ್ರೆಯ ದಾಖಲೆ ಸಾಕು. ಈ ವಿಷಯ ಯಾವ ನ್ಯಾಯಾಲಯದಲ್ಲೂ ಇಲ್ಲ.

ಆದ್ದರಿಂದ 2,00,000 ರೂ. ಹಾಗೂ ಹಣ ಕೊಡಬೇಕಾಗಿದ್ದ ದಿನದಿಂದ ನಿಯಮದಂತೆ ಬಡ್ಡಿ ಕೊಡಿಸಬೇಕು. ಪ್ರತಿಗಳು ಲಗತ್ತಿಸಿವೆ."

ಕೆಳಗೆ ಅವಳ ಹೆಸರು, ವಿಳಾಸ, ಫೋನು, ಕಂಪನಿಯ ಹೆಸರು ವಿಳಾಸ, ಸಹಿ.

"ಸಿಸ್ಟರ್, ಐದು ಲಕ್ಷ ಕೇಳೋಣ, ಎಷ್ಟು ಅಲೆದಾಡಿಸ್ಯಾರ" ಅಂದಳು. ಅವಳ ಸಿಟ್ಟು ನ್ಯಾಯವೇ. ಆದರೆ ಒಂಬುಡ್ಸ್‌ಮನ್ ಕೊಡಿಸುವುದು ಆದ ನಷ್ಟವನ್ನು ಮಾತ್ರ. ನೊಂದದ್ದಕ್ಕೆಂದು ಹೆಚ್ಚಿಗೆ ಬೇಡಿದರೆ ಅದು ಅಲ್ಲಿ ನಿಲ್ಲುವುದಿಲ್ಲ. ಆ ಸಾಲು ತೆಗೆಸಿದೆ.

ದೂರು ತಲುಪಿದ ಮೇಲೆ ಅಲ್ಲಿಂದ VI-A ಎಂಬ ಒಪ್ಪಿಗೆಯ ನಮೂನೆ ಬರುತ್ತದೆ. ಅದನ್ನು ತುಂಬಿ ಸಹಿ ಮಾಡಿ ಕೂಡಲೇ ಕಳಿಸಬೇಕು. ಇದು ಯಾವುದೋ ಕಾಗದವೆಂದು ಗೂಡಿನಲ್ಲಿಟ್ಟರೆ ದೂರು ಅಲ್ಲೇ ನಿಲ್ಲುತ್ತದೆ. ಬೇಕಾದ ಕಾಗದವೆಲ್ಲ ಸೇರಿದ ಮೇಲೆ ಮೂರು ತಿಂಗಳೊಳಗೆ ತೀರ್ಪು ಆಗಬೇಕು, ತೀರ್ಪು ಬಂದ 30 ದಿನದೊಳಗೆ ಕಂಪನಿ ಪಾಲಿಸಬೇಕು. ತೀರ್ಪು ಕಂಪನಿಯನ್ನು ಕಟ್ಟಿಹಾಕುತ್ತದೆ. ನಮಗೆ ಒಪ್ಪಿಗೆಯಾಗದಿದ್ದರೆ ಗ್ರಾಹಕರ ಆಯೋಗದ ಬಾಗಿಲು ಇನ್ನೂ ತೆರೆದೇ ಇರುತ್ತದೆ.

ಮುಂದಿನ ಸಭೆಗೆ ಬರುವಾಗ ಎಲ್ಲರೂ ಪಾಸ್‌ಬುಕ್ ತನ್ನಿರಿ. ಮೇ ತಿಂಗಳ ಕಡೆಯ ವಾರದ ಸಾಲು ನೋಡೋಣ, ನಾಮಿನಿ ಯಾರೆಂದು ಬ್ಯಾಂಕಿನಲ್ಲಿ ಕೇಳಿ ಬರೆದಿಟ್ಟುಕೊಳ್ಳೋಣ.